ಮಳೆ ರಜೆಯ ತಿಂಗಳಲ್ಲಿ ಕ್ಯಾಂಟೀನ್ ಲೆಕ್ಕ

ಕರಾವಳಿಯಲ್ಲಿ ಜುಲೈ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ಮಕ್ಕಳಿಗೆ ಖುಷಿ. ಶಾಲೆಯ ಕ್ಯಾಂಟೀನ್ ನಡೆಸುವವರಿಗೆ ಮಾತ್ರ ತಿಂಗಳ ಕೊನೆಯಲ್ಲಿ ಲೆಕ್ಕ ಒಪ್ಪಿಸುವುದೇ ಕಷ್ಟವಾಗುತ್ತದೆ.

ಉದಾಹರಣೆಗೆ ಒಂದು ಕ್ಯಾಂಟೀನ್ ಇದೆ ಎಂದುಕೊಳ್ಳೋಣ. ಜುಲೈನಲ್ಲಿ 40 ರೂಪಾಯಿಯ 10,000 ಊಟ ಮಾರಿ 50,000 ರೂಪಾಯಿ ಉಳಿಸುವುದು ಅದರ ಬಜೆಟ್. ರಜೆಗಳಿಂದಾಗಿ ಮಾರಾಟವಾದದ್ದು 7,000 ಊಟ. ಕೊನೆಗೆ 11,000 ರೂಪಾಯಿ ನಷ್ಟ. ಆದರೂ ದಿನಸಿ, ತರಕಾರಿಯ ಸಾಲಿನಲ್ಲಿ ಉಳಿತಾಯವೇ ಕಾಣುತ್ತದೆ: ಬಜೆಟ್ 2,20,000, ಖರ್ಚು 1,68,000. ಆದರೆ 10,000 ಊಟದ ಬಜೆಟ್ಟಿಗೆ 7,000 ಊಟದ ಖರ್ಚನ್ನು ಹೋಲಿಸಿದರೆ ಉಳಿತಾಯವಲ್ಲದೆ ಇನ್ನೇನು ಕಂಡೀತು?

ಇಂಥ ಕಡೆ ಬೇಕಾಗುವುದು ಫ್ಲೆಕ್ಸಿಬಲ್ ಬಜೆಟ್. ತಿಂಗಳು ಮುಗಿದ ಮೇಲೆ, ನಿಜವಾಗಿ ಮಾರಿದ 7,000 ಊಟಕ್ಕೆ ಎಷ್ಟು ಖರ್ಚಾಗಬೇಕಿತ್ತು ಎಂದು ಬಜೆಟ್ಟನ್ನೇ ಮತ್ತೆ ಬರೆಯುವುದು. ಊಟಕ್ಕೆ 22 ರೂಪಾಯಿಯಂತೆ ದಿನಸಿಗೆ 1,54,000 ಸಾಕಿತ್ತು. ಅಂದರೆ ಆಗಿರುವುದು ಉಳಿತಾಯವಲ್ಲ, 14,000 ರೂಪಾಯಿ ಹೆಚ್ಚುವರಿ ಖರ್ಚು.

ಅಡುಗೆಯವರ ಸಂಬಳ, ಬಾಡಿಗೆ ಸೇರಿ 1,00,000 ರೂಪಾಯಿ ಊಟ ಎಷ್ಟಾದರೂ ಬದಲಾಗದು. ಎಡವುವುದು ಗ್ಯಾಸ್‌ನಲ್ಲಿ. ಬಜೆಟ್ಟಿನಲ್ಲಿ ಅದಕ್ಕಿಟ್ಟಿದ್ದು 30,000, ಅಂದರೆ ಊಟಕ್ಕೆ 3 ರೂಪಾಯಿ. ಅದೇ ದರದಲ್ಲಿ 7,000 ಊಟಕ್ಕೆ 21,000 ಆಗುತ್ತದೆ. ಖರ್ಚಾದ 23,000 ದುಂದುವೆಚ್ಚದಂತೆ ಕಾಣುತ್ತದೆ. ಆದರೆ ಸಾಂಬಾರಿನ ಪಾತ್ರೆ ಅರ್ಧ ತುಂಬಿದ್ದರೂ ಒಲೆ ಹೊತ್ತಿಸಲೇಬೇಕು. ಹಳೆಯ ಲೆಕ್ಕ ತೆರೆದರೆ 10,000 ಊಟದ ತಿಂಗಳಲ್ಲಿ ಗ್ಯಾಸ್‌ಗೆ 30,000, 6,000 ಊಟದ ತಿಂಗಳಲ್ಲಿ 22,000. 4,000 ಊಟಕ್ಕೆ 8,000 ವ್ಯತ್ಯಾಸ. ಹಾಗಾಗಿ ಊಟಕ್ಕೆ ನಿಜವಾಗಿ ಬೀಳುವುದು 2 ರೂಪಾಯಿ, ಉಳಿದ 10,000 ಪ್ರತಿ ತಿಂಗಳೂ ಇದ್ದದ್ದೇ. ಈ ಲೆಕ್ಕದಲ್ಲಿ 7,000 ಊಟಕ್ಕೆ 24,000 ಆಗಬೇಕಿತ್ತು. ಅಡುಗೆಯವರು 1,000 ರೂಪಾಯಿ ಉಳಿಸಿಯೇ ಇದ್ದಾರೆ.

ಈಗ ಚಿತ್ರ ಸ್ಪಷ್ಟ. 7,000 ಊಟಕ್ಕೆ 2,000 ರೂಪಾಯಿ ಲಾಭ ಬರಬೇಕಿತ್ತು. 50,000ದಿಂದ ಇಲ್ಲಿಗೆ ಇಳಿದ 48,000 ರಜೆಯಿಂದಾದ ಹಾನಿ. ಅದಕ್ಕೆ ಅಡುಗೆಮನೆ ಹೊಣೆಯಲ್ಲ. ಅಲ್ಲಿಂದ ಕೆಳಗೆ ಜಾರಿದ 13,000ಕ್ಕೆ ಮಾತ್ರ ಉತ್ತರ ಹುಡುಕಬೇಕು.

ಟೊಮೆಟೊ ಚೀಟಿಯನ್ನೇ ನೋಡಬಹುದು. ಊಟಕ್ಕೆ 50 ಗ್ರಾಂನಂತೆ 350 ಕೆ.ಜಿ. ಬೇಕಿತ್ತು, ಕೊಂಡದ್ದು 430. ಕೆ.ಜಿ.ಗೆ 30 ರೂಪಾಯಿ ಅಂದಾಜಿಸಿದ್ದರೆ ಕೊಟ್ಟದ್ದು 45. ಹೆಚ್ಚಾದ 8,850ರಲ್ಲಿ 6,450 ದರ ಏರಿದ್ದರಿಂದ, 2,400 ಹೆಚ್ಚು ಕೊಂಡದ್ದರಿಂದ. ದರ ಕ್ಯಾಂಟೀನಿನ ಕೈಯಲ್ಲಿಲ್ಲ. ಆ 80 ಕೆ.ಜಿ.ಯ ಖರೀದಿ ತಾರೀಖನ್ನು ರಜೆಯ ದಿನಗಳ ಪಕ್ಕ ಇಟ್ಟು ನೋಡಿದರೆ, ಹಿಂದಿನ ದಿನವೇ ತಂದಿಟ್ಟು ಕೊಳೆತದ್ದೆಷ್ಟು, ತಟ್ಟೆಯಲ್ಲಿ ಹೆಚ್ಚಾಗಿ ಹೋದದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಊಟ 3,000ಕ್ಕೆ ಕುಸಿದರೆ ಈ ಸೂತ್ರವೂ ಸಾಲದು. ಆಗ ಒಬ್ಬ ಅಡುಗೆಯವರನ್ನು ಬಿಡಿಸಬೇಕಾಗಿ ಬರಬಹುದು, ಸಂಬಳದ ಸಾಲನ್ನೂ ಹೊಸದಾಗಿ ಬರೆಯಬೇಕಾಗುತ್ತದೆ.