ಹತ್ತು ರೂಪಾಯಿ ನಿಪ್ಪಟ್ಟು, ಎಷ್ಟು ಗ್ರಾಂ?

ತುಮಕೂರಿನಲ್ಲಿ ಒಂದು ಬೀಡಾ ಅಂಗಡಿಯ ಮುಂದೆ ನಿಂತು ಸರಗಳನ್ನು ಎಣಿಸಿದೆ. ಹನ್ನೊಂದು ಇದ್ದವು. ಚಿಪ್ಸ್, ಮಿಕ್ಸ್ಚರ್, ಕಾಂಗ್ರೆಸ್ ಕಡಲೆ, ಕೋಡುಬಳೆ, ಹೆಸರು ಗೊತ್ತಿಲ್ಲದ ಕುರುಕಲು. ಹೆಚ್ಚುಕಮ್ಮಿ ಎಲ್ಲದರ ಮೇಲೂ 5 ಇಲ್ಲವೇ 10 ರೂಪಾಯಿ. ಹೊಸ ನಿಪ್ಪಟ್ಟು ಬಂದರೆ ಎಲ್ಲಿ ತೂಗುಹಾಕುತ್ತೀರಿ ಎಂದು ಕೇಳಿದೆ. "ಒಂದು ಸರ ಇಳಿಸ್ಬೇಕು ಸಾರ್. ಯಾವ್ದು ಇಳಿಸ್ಲಿ, ನೀವೇ ಹೇಳಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ರುಚಿ ಇರ್ಲಿ, ಡಜನ್‌ಗೆ ನನಗೆಷ್ಟು ಉಳಿಯುತ್ತೆ?" ಎಂದು ಅವರೇ ಕೇಳಿದರು.

ಹೊಸ ಸರಕಿಗೆ ಬೆಲೆ ಕಟ್ಟುವುದಕ್ಕೆ ಎರಡು ದಾರಿಗಳನ್ನು ಹೇಳುತ್ತಾರೆ. ಜೋಯಲ್ ಡೀನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1950ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಿಂದ ಈ ಎರಡು ಹೆಸರು ಚಾಲ್ತಿಗೆ ಬಂದವು. ಒಂದು ಸ್ಕಿಮ್ಮಿಂಗ್, ಅಂದರೆ ಹಾಲಿನ ಮೇಲಿನ ಕೆನೆ ತೆಗೆದಂತೆ: ದುಬಾರಿ ಬೆಲೆ ಇಟ್ಟು, ಕೊಡಬಲ್ಲವರಿಂದ ಮೊದಲು ತೆಗೆದುಕೊಂಡು, ಆಮೇಲೆ ಮೆಲ್ಲಗೆ ಇಳಿಯುವುದು. ಇನ್ನೊಂದು ಪೆನೆಟ್ರೇಶನ್: ಮೊದಲ ದಿನವೇ ಅಗ್ಗಕ್ಕೆ ಕೊಟ್ಟು ಸಂತೆಯೊಳಗೆ ನುಗ್ಗುವುದು. ಮೊಬೈಲು, ಟಿ.ವಿ. ವಿಷಯದಲ್ಲಿ ಇದು ಹೇಳಿದಷ್ಟೇ ಸಲೀಸು. ಕುರುಕಲು ತಿಂಡಿಗೆ ಬಂದಾಗ ಲೆಕ್ಕ ಸ್ವಲ್ಪ ವಕ್ರವಾಗುತ್ತದೆ. ಏಕೆಂದರೆ ಇಲ್ಲಿ ಬೆಲೆಯನ್ನು ನಿರ್ಧರಿಸುವುದು ತಯಾರಕನಲ್ಲ, ಗಿರಾಕಿಯ ಜೇಬಿನ ನಾಣ್ಯ.

ಇದಕ್ಕೆ ಇತ್ತೀಚಿನ ಪುರಾವೆಯೇ ಇದೆ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಖಾರದ ತಿಂಡಿಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ನ್ಯಾಯವಾಗಿ 10 ರೂಪಾಯಿ ಪ್ಯಾಕೆಟ್ಟು ಸುಮಾರು 9 ರೂಪಾಯಿ 38 ಪೈಸೆಗೆ ಬರಬೇಕು. ಉಳಿದ 62 ಪೈಸೆಯನ್ನು ಯಾವ ಅಂಗಡಿಯವರು ಎಣಿಸಿ ಕೊಡುತ್ತಾರೆ? ಬೆಲೆ ಹಾಗೇ ಇರಲಿ, ಒಳಗೆ ನಾಲ್ಕು ಚೂರು ಹೆಚ್ಚಿಗೆ ಹಾಕೋಣ ಎಂಬುದೇ ಈ ವ್ಯಾಪಾರದವರಿಗೆ ಸಹಜವಾಗಿ ತೋಚುವ ದಾರಿ. ಹಾಗಾಗಿ ತಿಂಡಿಯ ಪ್ಯಾಕೆಟ್ಟಿನಲ್ಲಿ 'ಅಗ್ಗ' ಎಂದರೆ ಗ್ರಾಂ ಜಾಸ್ತಿ, 'ದುಬಾರಿ' ಎಂದರೆ ಗ್ರಾಂ ಕಡಿಮೆ.

ರಾಜ್‌ಕೋಟ್‌ನ ಬಾಲಾಜಿ ವೇಫರ್ಸ್ ಬೆಳೆದದ್ದು ಹೀಗೇ. ದೊಡ್ಡ ಕಂಪನಿಗಳು ಕೊಡುವ ಬೆಲೆಗೇ ಹೆಚ್ಚು ಗ್ರಾಂ ಕೊಟ್ಟು ಅದು ಗುಜರಾತನ್ನು ಗೆದ್ದಿತು. ಈ ಕಥೆ ಕೇಳಿದ ಪ್ರತಿಯೊಬ್ಬ ಸಣ್ಣ ತಯಾರಕನಿಗೂ ನಾನೂ ಹಾಗೇ ಮಾಡಬಹುದು ಅನ್ನಿಸುತ್ತದೆ. ಸರಿ, ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ಅಂದುಕೊಂಡವು. ನಿಮ್ಮ ಊರಿನದನ್ನು ನೀವು ಹಾಕಿಕೊಳ್ಳಿ.

ಒಂದು ಕುಟುಂಬ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಪ್ಪಟ್ಟು ಕರಿಯುತ್ತದೆ. ಅಕ್ಕಿಹಿಟ್ಟು, ಹುರಿಗಡಲೆ, ಶೇಂಗಾ, ಪಾಮೋಲಿನ್ ಎಣ್ಣೆ, ಗ್ಯಾಸು, ಕೂಲಿ ಎಲ್ಲ ಸೇರಿ ಕೆ.ಜಿ.ಗೆ 120 ರೂಪಾಯಿ ಬೀಳುತ್ತದೆ. ಬೇರೆಯವರು 10 ರೂಪಾಯಿಗೆ 35 ಗ್ರಾಂ ಕೊಡುತ್ತಿದ್ದಾರೆ. ಇವರು 45 ಕೊಡುತ್ತೇವೆ ಎಂದು ಹೊರಟರು. ಆ ಹತ್ತು ರೂಪಾಯಿಯಲ್ಲಿ ಅಂಗಡಿಯವರಿಗೆ 2 ರೂಪಾಯಿ, ಡಿಸ್ಟ್ರಿಬ್ಯೂಟರಿಗೆ 60 ಪೈಸೆ, ತೆರಿಗೆಗೆ 35 ಪೈಸೆ ಹೋಗಿ ಕೈಗೆ ಬರುವುದು 7 ರೂಪಾಯಿ 5 ಪೈಸೆ. ಅದರಲ್ಲಿ 45 ಗ್ರಾಂ ನಿಪ್ಪಟ್ಟಿಗೆ 5.40, ಕವರು, ರಟ್ಟಿನ ಡಬ್ಬ, ಸಾಗಣೆಗೆ 1.30. ಉಳಿದದ್ದು 35 ಪೈಸೆ. ಬಿಸಿಲಿಗೆ ತೂಗಿ ಎಣ್ಣೆ ಕಮಟಿದ್ದು, ತಾರೀಖು ಮುಗಿದದ್ದು ಎಂದು ನೂರಕ್ಕೆ ನಾಲ್ಕು ವಾಪಸು ಬಂದರೆ ಇನ್ನೂ 28 ಪೈಸೆ ಹೋಯಿತು. ನಿಕ್ಕಿ ಲಾಭ 7 ಪೈಸೆ. ಎಲ್ಲರಂತೆ 35 ಗ್ರಾಂ ಕೊಟ್ಟಿದ್ದರೆ ಇದೇ ಜಾಗದಲ್ಲಿ 1 ರೂಪಾಯಿ 27 ಪೈಸೆ ಇರುತ್ತಿತ್ತು.

ಅಂಗಡಿಯವರು ಸರ ಇಳಿಸುವುದಕ್ಕೆ ಡಜನ್‌ಗೆ ಒಂದು ಫ್ರೀ ಕೇಳುತ್ತಾರೆ ಎಂಬುದನ್ನೂ ಸೇರಿಸಿ. ಹದಿಮೂರು ಪ್ಯಾಕೆಟ್ ಕೊಟ್ಟು ಹನ್ನೆರಡರ ದುಡ್ಡು ಪಡೆದರೆ ಕೈಗೆ ಬರುವುದು ಪ್ಯಾಕೆಟ್ಟಿಗೆ 6.51. ಖರ್ಚೇ 6.70. ಈಗ ಮಾರಿದಷ್ಟೂ ನಷ್ಟ. ಇನ್ನೊಂದು ವಿಚಿತ್ರ ನೋಡಿ: ಹತ್ತು ಗ್ರಾಂ ಹೆಚ್ಚಿಗೆ ಕೊಟ್ಟದ್ದು ತಿನ್ನುವವರಿಗೆ. ಸರ ತೂಗುಹಾಕುವವರಿಗೆ ಅದರಿಂದ ಒಂದು ಪೈಸೆಯೂ ಹೆಚ್ಚು ಬರಲಿಲ್ಲ. ಗ್ರಾಂ ಕೊಟ್ಟು ಗಿರಾಕಿಯನ್ನು ಒಲಿಸಿಕೊಳ್ಳಬಹುದು, ಆದರೆ ಅಂಗಡಿಯ ಜಾಗ ಸಿಗುವುದು ಮಾರ್ಜಿನ್ನಿನಿಂದ. ನುಗ್ಗುವ ಬೆಲೆ ಅನ್ನುವವರು ಈ ಎರಡನೆಯ ಖರ್ಚನ್ನು ಲೆಕ್ಕದಲ್ಲಿ ಬರೆದುಕೊಳ್ಳುವುದು ಕಡಿಮೆ.

ಹಾಗಾದರೆ ದೊಡ್ಡವರಿಗೆ ಅದು ಹೇಗೆ ಗಿಟ್ಟುತ್ತದೆ? ಮಾರಾಟ ಏರಿದಂತೆ ಅವರ ಖರ್ಚು ನಿಜಕ್ಕೂ ಇಳಿಯುತ್ತದೆ. ಎಣ್ಣೆ ಟ್ಯಾಂಕರಿನಲ್ಲಿ ಬರುತ್ತದೆ, ಕರಿಯುವ ಯಂತ್ರ ಹಗಲೂ ರಾತ್ರಿ ಓಡುತ್ತದೆ, ಒಂದೇ ಗಾಡಿ ನೂರಾರು ಅಂಗಡಿ ಸುತ್ತುತ್ತದೆ. ಕೈಯಲ್ಲಿ ತಟ್ಟುವ ನಿಪ್ಪಟ್ಟಿನಲ್ಲಿ ಮೂರು ಪಟ್ಟು ಮಾಡಿದರೆ ಮೂರು ಪಟ್ಟು ಹಿಟ್ಟು, ಮೂರು ಪಟ್ಟು ಕೈಗಳು ಬೇಕು. ಕವರು ಸಾಗಣೆಯಲ್ಲಿ ಹೆಚ್ಚೆಂದರೆ ಮೂವತ್ತು ಪೈಸೆ ಉಳಿದೀತು. ಹೊರಡುವ ಮೊದಲೇ ಮೂರು ಪಟ್ಟು ಮಾರಾಟದ ಖರ್ಚನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಅದು ಇಳಿಯದಿದ್ದರೆ ನೀವು ಸಂತೆಗೆ ನುಗ್ಗುತ್ತಿಲ್ಲ, ಮನೆಯ ದುಡ್ಡನ್ನು ಊರಿಗೆ ಹಂಚುತ್ತಿದ್ದೀರಿ. ಆಮೇಲೆ 45ನ್ನು 35ಕ್ಕೆ ಇಳಿಸೋಣ ಅಂದರೆ ಕವರು ಮುಟ್ಟಿದ ಕೂಡಲೇ ಜನಕ್ಕೆ ಗೊತ್ತಾಗುತ್ತದೆ. ಇದರಲ್ಲಿ ನಮ್ಮವರ ಕೈ ಬಹಳ ಚುರುಕು.

ಕೆನೆ ತೆಗೆಯುವ ದಾರಿಯಲ್ಲಿ ಅಡ್ಡಿ ಬೇರೆ. ನಿಪ್ಪಟ್ಟಿನ ರೆಸಿಪಿ ಯಾರ ಗುಟ್ಟೂ ಅಲ್ಲ. ಬೆಳ್ಳುಳ್ಳಿ ನಿಪ್ಪಟ್ಟು ಎಂದು ಹೊಸ ಹೆಸರಿಟ್ಟು 40 ರೂಪಾಯಿಗೆ ತಂದರೆ, ತಿಂಗಳೊಳಗೆ ಪಕ್ಕದ ಬೀದಿಯವರು 25ಕ್ಕೆ ತರುತ್ತಾರೆ. ಬೆಲೆ ಹೆಚ್ಚಿಡಲು ಒಂದೇ ಆಸರೆ ಇದೆ: ಎದುರಾಳಿ ನಕಲು ಮಾಡಬಲ್ಲ, ಆದರೆ ನಕಲು ಮಾಡಿದರೆ ಅವನಿಗೆ ಗಿಟ್ಟದು ಎಂಬಂಥ ಏನಾದರೂ ಬೇಕು. ಎಣ್ಣೆ ಅಂಥದ್ದು. ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಪ್ಯಾಕೆಟ್ಟಿನ ಹಿಂಬದಿಯಲ್ಲಿ ಹೆಸರಿಸಿ ಬರೆಯಲೇಬೇಕು ಎಂಬುದು ಕಾನೂನು. ಅಗ್ಗದ ತಿಂಡಿಗಳಲ್ಲಿ ಅಲ್ಲಿ ಹೆಚ್ಚಾಗಿ ಪಾಮೋಲಿನ್ ಎಂದಿರುತ್ತದೆ. ನೀವು ಶೇಂಗಾ ಎಣ್ಣೆ ಎಂದು ಬರೆದರೆ, 10 ರೂಪಾಯಿಗೆ 35 ಗ್ರಾಂ ಕೊಡುವವನು ಅದನ್ನು ಬರೆಯಲಾರ. ಬರೆಯಬೇಕೆಂದರೆ ಅವನ ಹಳೆಯ ಲೆಕ್ಕವೆಲ್ಲ ಕೆಡುತ್ತದೆ.

ಆ ಎಣ್ಣೆಯಲ್ಲಿ ಖರ್ಚು ಕೆ.ಜಿ.ಗೆ 180 ಎಂದಿಟ್ಟುಕೊಳ್ಳಿ. 100 ಗ್ರಾಂ ಪ್ಯಾಕೆಟ್ಟಿಗೆ 40 ರೂಪಾಯಿ ಇಟ್ಟು ಕಾಂಡಿಮೆಂಟ್ಸ್, ಬೇಕರಿ, ಸಣ್ಣ ಸೂಪರ್‌ಮಾರ್ಕೆಟ್ ಎಂದು ಮೂವತ್ತು ಅಂಗಡಿಗೆ ನೀವೇ ಸ್ಕೂಟರಿನಲ್ಲಿ ಕೊಡುತ್ತೀರಿ. ಅಂಗಡಿಗೆ ನೂರಕ್ಕೆ ಮೂವತ್ತು ಬಿಟ್ಟುಕೊಟ್ಟು, ತೆರಿಗೆ ಕಳೆದರೂ 26 ರೂಪಾಯಿ 67 ಪೈಸೆ ಬರುತ್ತದೆ. ನಿಪ್ಪಟ್ಟಿಗೆ 18, ಜಿಪ್ ಕವರು, ಡಬ್ಬ, ಪೆಟ್ರೋಲಿಗೆ 4 ತೆಗೆದರೆ 4.67 ಉಳಿಯುತ್ತದೆ. ನೂರಕ್ಕೆ ಐದು ವಾಪಸು ಬಂದರೂ 3 ರೂಪಾಯಿ ಚಿಲ್ಲರೆ ಕೈಯಲ್ಲಿದೆ.

ಇಲ್ಲಿ ಮೋಸ ಹೋಗುವುದು ಮೊದಲ ತಿಂಗಳಿನಿಂದ. ಮೊದಲ ಲೋಡನ್ನು ನೆಂಟರು, ಪರಿಚಯದವರು, ಕುತೂಹಲಿಗಳು ಖಾಲಿ ಮಾಡುತ್ತಾರೆ. ನೋಡಬೇಕಾದದ್ದು ಆರನೆಯ ವಾರ: ನೀವು ಹೋಗಿ ನಿಲ್ಲದೆ ಮೂವತ್ತರಲ್ಲಿ ಎಷ್ಟು ಅಂಗಡಿಯವರು ತಾವೇ ಫೋನ್ ಮಾಡಿದರು? ಹತ್ತು ಹನ್ನೆರಡಾದರೆ ಕೆನೆ ಇದೆ ಅಂತ. ಇಬ್ಬರು ಮೂವರಾದರೆ ಬೆಲೆ ಇಳಿಸಿಯೂ ಪ್ರಯೋಜನವಿಲ್ಲ, ತಿಂಡಿಯನ್ನೇ ಮತ್ತೊಮ್ಮೆ ಬಾಯಿಗಿಟ್ಟು ನೋಡಬೇಕು.

ಕೆನೆ ಮುಗಿದ ಮೇಲೆ ಕೆಳಗಿಳಿಯುವಾಗ ಆ 40ನ್ನು 30 ಮಾಡುವುದು ತಪ್ಪು. ಅಂಗಡಿಗಳಲ್ಲಿ ಉಳಿದ ಹಳೆ ಸರಕಿನ ನಷ್ಟ ಯಾರದು ಎಂಬ ಜಗಳ ಹತ್ತುತ್ತದೆ. 40 ಕೊಟ್ಟಿದ್ದ ಗಿರಾಕಿಗೂ ಮೋಸಹೋದೆ ಅನ್ನಿಸುತ್ತದೆ. ಅದರ ಬದಲು ಅದೇ ನಿಪ್ಪಟ್ಟು 25 ಗ್ರಾಂ, ಬೆಲೆ 10. ಗ್ರಾಂ ಲೆಕ್ಕದಲ್ಲಿ ದರ ಒಂದು ಪೈಸೆಯೂ ಇಳಿದಿಲ್ಲ, ಎರಡೂ ಗ್ರಾಮಿಗೆ 40 ಪೈಸೆಯೇ. ಆದರೆ ಸರದಲ್ಲಿ ತೂಗಬಹುದಾದ ಬೆಲೆಗೆ ಬಂತು. ಮೊದಲಿನ ದರದಲ್ಲೇ ಅಂಗಡಿ, ಡಿಸ್ಟ್ರಿಬ್ಯೂಟರ್, ತೆರಿಗೆ ಕಳೆದು ಬರುವ 7.05ರಲ್ಲಿ ನಿಪ್ಪಟ್ಟಿಗೆ 4.50, ಕವರು ಸಾಗಣೆಗೆ 1.30 ಹೋಗಿ 1 ರೂಪಾಯಿ 25 ಪೈಸೆ ಉಳಿಯುತ್ತದೆ. ವಾಪಸು ಬರುವುದನ್ನೂ, ಬೀಡಾ ಅಂಗಡಿಯವರು ಕೇಳುವ ಆ ಹದಿಮೂರನೆಯ ಪ್ಯಾಕೆಟ್ಟನ್ನೂ ಅದು ತಡೆದುಕೊಳ್ಳುತ್ತದೆ. 45 ಗ್ರಾಮಿನದು ತಡೆದುಕೊಂಡಿರಲಿಲ್ಲ.