ನಾಲ್ಕರಲ್ಲಿ ಮಾತ್ರ ಬೀಸುವ ಬ್ಲೋವರ್

ಕಾರಿನ ಫ್ಯಾನ್ ನಾಬನ್ನು ಒಂದು, ಎರಡು, ಮೂರಕ್ಕೆ ತಿರುಗಿಸಿದರೆ ಗಾಳಿಯೇ ಇಲ್ಲ. ನಾಲ್ಕಕ್ಕೆ ಬಂದ ಕೂಡಲೇ ಭರ್ರನೆ ಬೀಸುತ್ತದೆ. ಮೋಟಾರು ಕೆಟ್ಟಿತೆಂದು ಹಲವರು ಹೆದರುತ್ತಾರೆ. ನಾಲ್ಕರಲ್ಲಿ ಓಡುವ ಮೋಟಾರಿಗೆ ಇನ್ನೂ ಜೀವವಿದೆ. ಗ್ಯಾರೇಜಿನವರು ಬಾಗಿಲು ತೆಗೆಯುವ ಮೊದಲೇ ‘ರೆಸಿಸ್ಟರ್ ಹೋಗಿದೆ ಸರ್’ ಅನ್ನುತ್ತಾರೆ. ಅದು ಬಹುಮಟ್ಟಿಗೆ ಸರಿಯೇ. ಆದರೆ ಅದು ಯಾಕೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ನಾಬ್ ಇರುವ ಸಾಮಾನ್ಯ ಕಾರುಗಳಲ್ಲಿ ವೇಗ ತಗ್ಗಿಸುವ ಉಪಾಯ ಬಹಳ ಸರಳ. ಮೋಟಾರಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಸುರುಳಿ ಸುತ್ತಿದ ತಂತಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದನೇ ವೇಗದಲ್ಲಿ ಕರೆಂಟು ಎಲ್ಲ ಸುರುಳಿಗಳನ್ನೂ ದಾಟಬೇಕು. ಎರಡರಲ್ಲಿ ಒಂದು ಸುರುಳಿ ಕಡಿಮೆ, ಮೂರರಲ್ಲಿ ಇನ್ನೊಂದು ಕಡಿಮೆ. ನಾಲ್ಕರಲ್ಲಿ ಸುರುಳಿಗಳ ಗೊಡವೆಯೇ ಇಲ್ಲ, ಮೋಟಾರಿಗೆ ನೇರ ಸಂಪರ್ಕ. ಹಾಗಾಗಿ ಸುರುಳಿಗಳ ದಾರಿ ಪೂರ್ತಿ ಕಡಿದುಹೋದರೂ ನಾಲ್ಕು ಉಳಿದುಕೊಳ್ಳುತ್ತದೆ. ಕೇವಲ ಒಂದನೇ ವೇಗ ಸತ್ತು ಉಳಿದವು ಓಡುತ್ತಿದ್ದರೆ ಒಂದು ಸುರುಳಿ ಮಾತ್ರ ತುಂಡಾಗಿದೆ ಎಂದರ್ಥ. ಮೂರೂ ಒಟ್ಟಿಗೆ ಹೋದರೆ ಅನುಮಾನ ಬೀಳಬೇಕಾದ್ದು ಅದೇ ದಾರಿಯಲ್ಲಿರುವ ಶಾಖದ ಫ್ಯೂಸಿನ ಮೇಲೆ.

ಆ ಫ್ಯೂಸು ಅಲ್ಲಿರುವುದಕ್ಕೆ ಕಾರಣವಿದೆ. ಎರಡನೇ ವೇಗದಲ್ಲಿ ಸುರುಳಿಗಳ ರೋಧ ಒಂದು ಓಮ್, ಹರಿಯುವ ಕರೆಂಟು 6 ಆಂಪಿಯರ್ ಎಂದಿಟ್ಟುಕೊಳ್ಳಿ. ಆಗ ಸುರುಳಿಯಲ್ಲಿ 36 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರುವುದೂ ಹೆಚ್ಚುಕಡಿಮೆ ಅಷ್ಟೇ ವಾಟಿನದು. ಅದನ್ನು ತಣ್ಣಗಿಡಲೆಂದೇ ರೆಸಿಸ್ಟರನ್ನು ಬ್ಲೋವರಿನ ಗಾಳಿ ಬಡಿಯುವ ಜಾಗದಲ್ಲಿ ಕೂರಿಸುತ್ತಾರೆ. ಮೋಟಾರಿನ ಬುಷ್ ಒಣಗಿ ಅದು ಬಿಗಿಯಾಗಿ ತಿರುಗತೊಡಗಿದರೆ ಅದೇ ಕರೆಂಟು 9 ಆಂಪಿಯರಿಗೆ ಏರಬಹುದು. ಕರೆಂಟು ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು, ಅಂದರೆ 81 ವಾಟ್. ಮೋಟಾರು ನಿಧಾನವಾದ್ದರಿಂದ ತಣಿಸುವ ಗಾಳಿಯೂ ಕಡಿಮೆ. ಆಗ ಫ್ಯೂಸು ಕಡಿದುಕೊಂಡು ಕಾರನ್ನು ಕಾಯುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಕಾರನ್ನು ದಿನವೂ ಹೊಂಗೆ ಮರದಡಿ ನಿಲ್ಲಿಸಿದರೆ ವೈಪರ್ ಕೆಳಗಿನ ಜಾಲರಿಯಿಂದ ತರಗೆಲೆ, ಹೂವು ಒಳಗಿಳಿಯುತ್ತವೆ. ಕ್ಯಾಬಿನ್ ಫಿಲ್ಟರ್ ಇಲ್ಲದ ಕಾರುಗಳಲ್ಲಿ ಅವು ನೇರ ಬ್ಲೋವರಿಗೆ ಬೀಳುತ್ತವೆ. ಫಿಲ್ಟರ್ ಇದ್ದು, ಅದು ಧೂಳು ಮೆತ್ತಿ ಕಟ್ಟಿಕೊಂಡಿದ್ದರೂ ರೆಸಿಸ್ಟರಿಗೆ ಗಾಳಿ ಸಾಲುವುದಿಲ್ಲ.

ಬಹಳಷ್ಟು ಕಾರುಗಳಲ್ಲಿ ಈ ಭಾಗ ಗ್ಲೋವ್ ಬಾಕ್ಸಿನ ಹಿಂದೆ, ಎರಡು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಇಗ್ನಿಷನ್ ಆಫ್ ಮಾಡಿ ಕಪ್ಲರ್ ಕಳಚಿ, ಸುರುಳಿಗಳ ಪಿನ್‌ಗಳ ನಡುವೆ ಮಲ್ಟಿಮೀಟರ್ ಇಡಿ. ಸರಿಯಿದ್ದರೆ ಕೆಲವೇ ಓಮ್‌ಗಳೊಳಗಿನ ಅಳತೆ ಬರುತ್ತದೆ. ಏನೂ ಬರದಿದ್ದರೆ ದಾರಿ ಕಡಿದಿದೆ. ಜೊತೆಗೇ ಕಪ್ಲರಿನ ಬಾಯಿ ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅದನ್ನೂ ಬದಲಿಸಬೇಕು, ಸಡಿಲ ಪಿನ್ ಹೊಸ ರೆಸಿಸ್ಟರನ್ನೂ ಸುಡುತ್ತದೆ. ಆಮೇಲೆ ಮೋಟಾರನ್ನು ಇಳಿಸಿ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಹಗುರಾಗಿ ಸುತ್ತಬೇಕು. ತಡೆತಡೆದು ನಿಂತರೆ, ಅಥವಾ ಮೊದಲಿನಿಂದಲೂ ಕೀಚ್ ಕೀಚ್ ಸದ್ದಿದ್ದರೆ ದೋಷ ಮೋಟಾರಿನದು. ತಾನಾಗಿ ಉಷ್ಣತೆ ಹೊಂದಿಸಿಕೊಳ್ಳುವ ಎಸಿ ಇರುವ ಕಾರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಸುರುಳಿಗಳ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ.

ಕಡಿದ ಫ್ಯೂಸಿನ ಎರಡೂ ತುದಿಗೆ ತಂತಿ ಬೆಸೆದು ‘ಡೈರೆಕ್ಟ್’ ಮಾಡಿಕೊಡುವವರೂ ಇದ್ದಾರೆ. ಮೂರೂ ವೇಗ ಅಂದೇ ಮರಳುತ್ತವೆ, ದುಡ್ಡೂ ಉಳಿಯುತ್ತದೆ. ದಯವಿಟ್ಟು ಒಪ್ಪಬೇಡಿ. ಬಿಸಿ ಮೀರಿದಾಗ ಕಡಿಯಬೇಕಾದ ಕೊಂಡಿಯೇ ಇಲ್ಲವಾದರೆ ಸುರುಳಿ ಕೆಂಪಗೆ ಕಾಯುತ್ತದೆ, ಸುತ್ತ ಇರುವುದೆಲ್ಲ ಪ್ಲಾಸ್ಟಿಕ್.

ಬ್ರಿಟನ್ನಿನಲ್ಲಿ ವಾಕ್ಸಾಲ್ ಕಂಪನಿಯ ಝಫೀರಾ ಬಿ ಕಾರುಗಳು ಡ್ಯಾಶ್‌ಬೋರ್ಡಿನಿಂದ ಹೊತ್ತಿ ಉರಿದದ್ದು ಇದೇ ಭಾಗದಿಂದ. 2015ರ ಕೊನೆಗೆ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ವಾಪಸು ಕರೆಸಿತು. ರೆಸಿಸ್ಟರಿನ ಶಾಖದ ಫ್ಯೂಸನ್ನು ಯಾರೋ ತಪ್ಪಾಗಿ ರಿಪೇರಿ ಮಾಡಿದ್ದೇ ಕಾರಣವೆಂದು ಆಗ ಹೇಳಿತು. ಸರಿಪಡಿಸಿ ಕಳಿಸಿದ ಕಾರುಗಳಲ್ಲೂ ಬೆಂಕಿ ಕಾಣಿಸಿಕೊಂಡಿತು. 2016ರಲ್ಲಿ ಮತ್ತೆ ಕರೆಸಬೇಕಾಯಿತು. ಈ ಸಲ ರೆಸಿಸ್ಟರಿನ ಜೊತೆಗೆ ಬ್ಲೋವರ್ ಮೋಟಾರನ್ನೂ ಬದಲಿಸಿದರು.