ಸ್ಕ್ಯಾನ್ ಮಾಡಿದ ಕ್ರಯಪತ್ರ ಹುಡುಕಿದ್ರೆ ಸಿಗುತ್ತಾ?

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಸಿರುಗುಪ್ಪದ ಮನೆಯೊಂದರ ಟ್ರಂಕಿನಲ್ಲಿ ಕುರುಗೋಡಿನ ಹೊಲದ ಟೈಪ್ ಮಾಡಿದ ಕ್ರಯಪತ್ರ, ಜೊತೆಗೆ ಅಜ್ಜನ 2×3 ಇಂಚಿನ ಫೋಟೊ ಇದೆ ಅನ್ಕೊಳ್ಳಿ. ಎರಡಕ್ಕೂ ಒಂದೇ ಸೆಟ್ಟಿಂಗ್ ಇಟ್ರೆ ಆಗಲ್ಲ.

ಮೊದಲು ಪತ್ರ. 10 ಪಾಯಿಂಟ್ ಅಕ್ಷರಕ್ಕೆ 150 ಡಿಪಿಐನಲ್ಲಿ ಸಿಗೋದು ಸುಮಾರು 21 ಪಿಕ್ಸೆಲ್ ಎತ್ತರ. ಕೆಳಗಿನ ಒತ್ತಕ್ಷರ ಅದಕ್ಕಿಂತ ಚಿಕ್ಕದು, ಕಲಸಿಹೋಗುತ್ತೆ. 300 ಇಟ್ರೆ 42 ಪಿಕ್ಸೆಲ್, ಒತ್ತು ಬಿಡಿಯಾಗಿ ಕಾಣುತ್ತೆ. ಪಿಡಿಎಫ್ ಆಗಿ ಸೇವ್ ಮಾಡಿದ್ರೂ ಅದು ಬರೀ ಚಿತ್ರವೇ. ಹುಡುಕಬೇಕಂದ್ರೆ ಓಸಿಆರ್ ಪದರ ಬೇಕು. ಕಂಪ್ಯೂಟರಿನಲ್ಲಿ ಕನ್ನಡ ಭಾಷಾ ಫೈಲ್ ಹಾಕ್ಕೊಂಡು ಹೀಗೆ ಕೊಡಿ:

```
ocrmypdf -l kan+eng in.pdf out.pdf
```

ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಅಲ್ಲಿವರೆಗೆ ಮದ್ರಾಸಿನಲ್ಲಿತ್ತು. ಆ ಕಾಲದ ಕಾಗದದಲ್ಲಿ ತೆಲುಗು ಇದ್ರೆ `kan` ಬದಲು `tel` ಹಾಕಿ. ಎರಡೂ ಲಿಪಿ ಹತ್ತಿರದವು, ಭಾಷೆ ತಪ್ಪಿದ್ರೆ ಅಕ್ಷರ ಅಡ್ಡಾದಿಡ್ಡಿ ಆಗುತ್ತೆ. ಮುಗಿದ ಮೇಲೆ ಫೈಲಿನಲ್ಲಿ 'ಕುರುಗೋಡು' ಅಂತ ಹುಡುಕಿ. ಕಣ್ಣಿಗೆ ಕಾಣೋ ಪದ ಹುಡುಕಾಟಕ್ಕೆ ಸಿಗದಿದ್ರೆ ಓಸಿಆರ್ ತಪ್ಪಿದೆ ಅಂತ ಅರ್ಥ. ಕೈಬರಹವನ್ನಂತೂ ನಂಬಬೇಡಿ, ವರ್ಷ, ಸರ್ವೆ ನಂಬರನ್ನ ಫೈಲ್ ಹೆಸರಿನಲ್ಲೇ ಬರೀರಿ.

ಇನ್ನು ಫೋಟೊ. 600 ಡಿಪಿಐ ಇಟ್ರೆ 1200×1800 ಪಿಕ್ಸೆಲ್ ಬರುತ್ತೆ, 4×6 ಇಂಚಿಗೆ ದೊಡ್ಡದು ಮಾಡಿ ಚೆನ್ನಾಗಿ ಪ್ರಿಂಟ್ ಹಾಕಿಸಬಹುದು. ಮೂಲ ಪ್ರತಿ ಟಿಫ್‌ನಲ್ಲಿ ಇಡಿ. ಜೆಪೆಗ್ ತಿದ್ದಿ ಸೇವ್ ಮಾಡಿದಾಗೆಲ್ಲ ಸ್ವಲ್ಪ ಸ್ವಲ್ಪ ಕೆಡುತ್ತೆ, ಅದು ವಾಟ್ಸಾಪಿಗೆ ಕಳಿಸೋ ಪ್ರತಿಗೆ ಸಾಕು.

ಕೊನೇ ಮಾತು: ಸ್ಕ್ಯಾನ್ ಆಯ್ತು ಅಂತ ಮೂಲ ಕ್ರಯಪತ್ರ ಬಿಸಾಕಬೇಡಿ.